ಕ್ಯಾಷಿಯರ್ ತಿಂದ ಹಣ ತಿಂಗಳುಗಳ ನಂತರ ಸಿಕ್ಕಿಬಿದ್ದರೆ: ನಷ್ಟವೆಷ್ಟು, ವಸೂಲಿ ಬಾಕಿಯೆಷ್ಟು, ಲೆಕ್ಕದಲ್ಲಿ ಬರೆಯುವುದು ಹೇಗೆ

ಗಲ್ಲಾದಿಂದ ಇವತ್ತು ಹೋದ ಹಣ ಇವತ್ತೇ ಗೊತ್ತಾದರೆ ಲೆಕ್ಕ ಬರೆಯುವುದು ಸುಲಭ. ಎಂಟು ಹತ್ತು ತಿಂಗಳು ಸ್ವಲ್ಪ ಸ್ವಲ್ಪವಾಗಿ ಹೋದ ಹಣ ಹಾಗಲ್ಲ. ಅಷ್ಟೂ ದಿನ ಪುಸ್ತಕ ಸರಿಯಾಗಿಯೇ ಕಂಡಿದೆ ಎಂದರೆ, ಹೋದ ಹಣ ಯಾವುದೋ ಒಂದು ಖಾತೆಯಲ್ಲಿ ಸುಳ್ಳು ಬಾಕಿಯಾಗಿ ಕೂತಿದೆ ಎಂದರ್ಥ. ಅದು ಯಾವ ಖಾತೆ ಎಂದು ಹುಡುಕದೆ, ಒಟ್ಟು ಮೊತ್ತವನ್ನು ಒಂದೇ ಜರ್ನಲ್‌ನಲ್ಲಿ 'ನಷ್ಟ' ಎಂದು ಬರೆದು ಮುಗಿಸಿದರೆ ಕೆಲವು ಹಣ ಎರಡು ಸಲ ಖರ್ಚಾಗುತ್ತದೆ, ಕೆಲವು ಗಿರಾಕಿಗಳಿಗೆ ಕೊಟ್ಟ ಹಣವನ್ನೇ ಮತ್ತೆ ಕೇಳಿದಂತಾಗುತ್ತದೆ.

ಇಡೀ ವಿಧಾನವನ್ನು ಒಂದೇ ಲೆಕ್ಕದ ಮೇಲೆ ನೋಡೋಣ. ಇದು ವಿವರಣೆಗಾಗಿ ಕಟ್ಟಿದ ಉದಾಹರಣೆ. ಬೆಂಗಳೂರಿನ ಚಿಕ್ಕಪೇಟೆ ಸುತ್ತಮುತ್ತ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರ ಮಾಡುವ ಒಂದು ಪಾಲುದಾರಿಕೆ ಸಂಸ್ಥೆ. ಯಶವಂತಪುರ, ರಾಜಾಜಿನಗರ, ಕೆಂಗೇರಿ ಕಡೆಯ ಚಿಲ್ಲರೆ ಅಂಗಡಿಗಳಿಗೆ ಉದ್ರಿ ಕೊಡುತ್ತದೆ. ಗಿರಾಕಿಗಳು ತರುವ ನಗದನ್ನು ತೆಗೆದುಕೊಂಡು ರಸೀದಿ ಕೊಡುವವನೂ, ಅದನ್ನು ಟ್ಯಾಲಿಯಲ್ಲಿ ಹಾಕುವವನೂ ಒಬ್ಬನೇ ಕ್ಯಾಷಿಯರ್. 2023ರ ಡಿಸೆಂಬರ್‌ನಿಂದ 2024ರ ಅಕ್ಟೋಬರ್‌ವರೆಗೆ ಹಣ ಹೋಗಿದೆ. ಗೊತ್ತಾಗಿದ್ದು 2024ರ ನವೆಂಬರ್ 11ರಂದು. 2023-24ರ ಲೆಕ್ಕಕ್ಕೆ ಸೆಪ್ಟೆಂಬರ್‌ನಲ್ಲೇ ಸಹಿ ಬಿದ್ದಾಗಿದೆ.

ಮೊದಲ ದಿನ: ಪುಸ್ತಕ ಮುಟ್ಟಬೇಡಿ

ಅನುಮಾನ ಬಂದ ಕೂಡಲೇ ಕ್ಯಾಷಿಯರ್‌ನನ್ನು ಕರೆದು ಗದರುವುದಕ್ಕಿಂತ ಮೊದಲು ಟ್ಯಾಲಿ ಡೇಟಾದ ಬ್ಯಾಕಪ್ ತೆಗೆಯಿರಿ. ಎರಡು ಪೆನ್‌ಡ್ರೈವ್‌ಗಳಲ್ಲಿರಲಿ, ಒಂದನ್ನು ಲಕೋಟೆಯಲ್ಲಿ ಹಾಕಿ ತಾರೀಖು ಬರೆದು ಪಾಲುದಾರರು ಸಹಿ ಮಾಡಿ ಇಡಲಿ. ಸಿಸಿಟಿವಿ ರೆಕಾರ್ಡಿಂಗ್ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಇರುವಷ್ಟನ್ನು ಅವತ್ತೇ ಕಾಪಿ ಮಾಡಿಸಿ. ಮುಂದೆ ಕೋರ್ಟ್‌ಗೆ ಕಂಪ್ಯೂಟರ್ ದಾಖಲೆ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲು ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಬ್ಯಾಕಪ್ ತೆಗೆದ ದಿನವೇ ಅದನ್ನು ಬರೆದಿಟ್ಟುಕೊಂಡರೆ ನಂತರ ತೊಂದರೆಯಿಲ್ಲ.

ಆಮೇಲೆ ಗಲ್ಲಾ ಎಣಿಕೆ. ಕ್ಯಾಷಿಯರ್ ಎದುರಿಗೇ, ಇಬ್ಬರು ಸಾಕ್ಷಿಗಳ ಮುಂದೆ ಎಣಿಸಿ. 500ರ ನೋಟು ಎಷ್ಟು, 200ರದು ಎಷ್ಟು, ಚಿಲ್ಲರೆ ಎಷ್ಟು ಎಂದು ಪಟ್ಟಿ ಮಾಡಿ ಎಲ್ಲರ ಸಹಿ ಪಡೆಯಿರಿ. ನಮ್ಮ ಉದಾಹರಣೆಯಲ್ಲಿ ಪುಸ್ತಕದ ಪ್ರಕಾರ ಇರಬೇಕಾದ ನಗದು ₹2,15,000, ಕೈಗೆ ಸಿಕ್ಕಿದ್ದು ₹1,05,000. ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳನ್ನೆಲ್ಲ ವಶಕ್ಕೆ ತೆಗೆದುಕೊಳ್ಳಿ. ಪಾಸ್‌ವರ್ಡ್ ಬದಲಿಸಿ. ಕೌಂಟರಿನ ಮೇಲಿರುವ ಕ್ಯೂಆರ್ ಕೋಡ್ ಸಂಸ್ಥೆಯದ್ದೇ ಹೌದೋ ಎಂದು ಒಂದು ರೂಪಾಯಿ ಕಳಿಸಿ ನೋಡಿ, ಯಾರ ಹೆಸರು ಬರುತ್ತದೆ ಎಂದು ಗಮನಿಸಿ.

ಆತನನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿ ತಪ್ಪೊಪ್ಪಿಗೆ ಬರೆಸಿಕೊಳ್ಳುವವರಿದ್ದಾರೆ. ಇದು ಅಕ್ರಮ ಬಂಧನದ ದೂರಿಗೆ ದಾರಿ, ಬರೆಸಿಕೊಂಡ ಕಾಗದಕ್ಕೂ ಬೆಲೆ ಉಳಿಯುವುದಿಲ್ಲ. ಹಳೆಯ ವೋಚರ್‌ಗಳನ್ನು ತಿದ್ದಿ 'ಸರಿ' ಮಾಡುವುದು ಅಷ್ಟೇ ದೊಡ್ಡ ತಪ್ಪು. ಸುಳ್ಳು ನಮೂದು ಹಾಗೇ ಇದ್ದರೆ ಅದೇ ಸಾಕ್ಷಿ. ತಿದ್ದುಪಡಿ ಏನಿದ್ದರೂ ಗೊತ್ತಾದ ನಂತರದ ತಾರೀಖಿನಲ್ಲಿ, ಹೊಸ ನಮೂದಿನ ಮೂಲಕವೇ ಆಗಬೇಕು. ನೀವು ಕಂಪನಿಯಾಗಿದ್ದರೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಇರುವ ಸಾಫ್ಟ್‌ವೇರ್ ಕಡ್ಡಾಯ, ಹಿಂದಿನದನ್ನು ತಿದ್ದಿದರೆ ಅದು ಲಾಗ್‌ನಲ್ಲಿ ಕಾಣುತ್ತದೆ.

ಹಣ ಎಲ್ಲಿ ಅಡಗಿತ್ತು

ನಗದು ಹೋಗಿಯೂ ಪುಸ್ತಕ ತಾಳೆಯಾಗುವುದಕ್ಕೆ ಇಂಥ ವ್ಯಾಪಾರದಲ್ಲಿ ಸಾಮಾನ್ಯವಾಗಿ ಮೂರು ದಾರಿ. ಗಲ್ಲಾದಲ್ಲಿ ಇಲ್ಲದ ನಗದು ಪುಸ್ತಕದಲ್ಲಿ ಇದೆ ಎಂದು ಉಳಿದಿರುತ್ತದೆ. ಇಲ್ಲವೇ ಹಣ ಕೊಟ್ಟ ಗಿರಾಕಿಯ ಹೆಸರಿನಲ್ಲಿ ಬಾಕಿ ಹಾಗೇ ಉಳಿದಿರುತ್ತದೆ. ಇಲ್ಲವೇ ಸುಳ್ಳು ಖರ್ಚಿನ ವೋಚರ್ ಬಿದ್ದಿರುತ್ತದೆ. ಪ್ರತಿಯೊಂದಕ್ಕೂ ನಮೂದು ಬೇರೆ.

ಗಲ್ಲಾದ ಕೊರತೆ ಎಣಿಕೆಯಿಂದಲೇ ಗೊತ್ತಾಯಿತು: ₹1,10,000. ಮಾರ್ಚ್ 31ರಂದು ಪಾಲುದಾರರೇ ಎಣಿಸಿ ಸಹಿ ಮಾಡಿದ ನಗದು ಪ್ರಮಾಣಪತ್ರ ಇದೆ, ಅವತ್ತು ಕೊರತೆ ಇರಲಿಲ್ಲ. ಹಾಗಾಗಿ ಇಷ್ಟೂ ಈ ವರ್ಷದ ನಷ್ಟ.

ಸುಳ್ಳು ವೋಚರ್ ಹಿಡಿಯಲು ಹಮಾಲಿ ಮತ್ತು ಆಟೊ ಬಾಡಿಗೆ ವೋಚರ್‌ಗಳನ್ನು ಡೆಲಿವರಿ ಚಲನ್ ಹಾಗೂ ಇ-ವೇ ಬಿಲ್‌ಗಳ ಜೊತೆ ತಾರೀಖುವಾರು ಇಟ್ಟು ನೋಡಿ. ಮಾಲು ಹೊರಗೆ ಹೋಗದ ದಿನ ಸಾಗಣೆ ಬಾಡಿಗೆ ಬಿದ್ದಿದ್ದರೆ ಗುರುತು ಹಾಕಿ. ಒಂದೇ ಕೈಬರಹ, ಪಡೆದವನ ಸಹಿಯಿಲ್ಲದಿರುವುದು, ₹9,500, ₹9,800ರಂಥ ಮೊತ್ತಗಳು ಮತ್ತೆ ಮತ್ತೆ ಬರುವುದು ಇವೂ ಲಕ್ಷಣಗಳೇ. ಒಬ್ಬರಿಗೆ ಒಂದು ದಿನದಲ್ಲಿ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂಬುದು ಕ್ಯಾಷಿಯರ್‌ಗೂ ಗೊತ್ತು. ಹಾಗಾಗಿ ಸುಳ್ಳು ವೋಚರ್‌ಗಳು ಆ ಗೆರೆಯ ಕೆಳಗೇ ನಿಲ್ಲುತ್ತವೆ. ಉದಾಹರಣೆಯಲ್ಲಿ ಇಂಥವು ಒಟ್ಟು ₹1,70,000. ಅದರಲ್ಲಿ ₹70,000 ಹಿಂದಿನ ವರ್ಷದ್ದು, ₹1,00,000 ಈ ವರ್ಷದ್ದು.

ಗಿರಾಕಿ ಬಾಕಿಯೊಳಗೆ ಅಡಗಿದ್ದನ್ನು ಬಿಡಿಸುವುದೇ ನಿಜವಾದ ಕೆಲಸ. ಯಶವಂತಪುರದ ಅಂಗಡಿಯವರು ಡಿಸೆಂಬರ್ 8ರಂದು ಕೊಟ್ಟ ₹50,000 ಕ್ಯಾಷಿಯರ್ ಜೇಬಿಗೆ ಹೋಯಿತು. ಅವರ ಬಾಕಿ ಹಳೆಯದಾಗಿ ಯಾರಾದರೂ ಕೇಳುವ ಮೊದಲು, ಡಿಸೆಂಬರ್ 20ರಂದು ರಾಜಾಜಿನಗರದ ಅಂಗಡಿಯಿಂದ ಬಂದ ₹50,000ವನ್ನು ಯಶವಂತಪುರದ ಖಾತೆಗೆ ಜಮಾ ಮಾಡಿದ. ರಾಜಾಜಿನಗರದ ತೂತನ್ನು ಕೆಂಗೇರಿಯ ಹಣದಿಂದ ಮುಚ್ಚಿದ. ಹೀಗೆ ತೂತು ಒಬ್ಬ ಗಿರಾಕಿಯಿಂದ ಇನ್ನೊಬ್ಬ ಗಿರಾಕಿಗೆ ಸಾಗುತ್ತಾ ಹೋಗುತ್ತದೆ, ನಡುನಡುವೆ ಹೊಸ ಹಣವೂ ಸೇರಿ ದೊಡ್ಡದಾಗುತ್ತದೆ. ಇದನ್ನು ಮಾಡುವವನಿಗೆ ರಜೆ ಹಾಕುವ ಧೈರ್ಯವಿರುವುದಿಲ್ಲ. ಒಂದು ವಾರ ಬೇರೆಯವರು ಕೂತರೆ ಸಾಕು, ಎಲ್ಲ ಹೊರಬೀಳುತ್ತದೆ.

ಬಿಡಿಸಲು ಒಂದು ಪಟ್ಟಿ ಮಾಡಿ. ಮೊದಲ ಅಂಕಣದಲ್ಲಿ ರಸೀದಿಯ ಅಡಿಪ್ರತಿ ಸಂಖ್ಯೆ, ನಂತರ ಅದರಲ್ಲಿರುವ ತಾರೀಖು, ಗಿರಾಕಿ, ಮೊತ್ತ, ಕೊನೆಗೆ ಟ್ಯಾಲಿಯಲ್ಲಿ ಆ ಗಿರಾಕಿಗೆ ಅಷ್ಟು ಮೊತ್ತ ಜಮಾ ಆದ ತಾರೀಖು. ಎರಡು ತಾರೀಖುಗಳ ನಡುವೆ ಆರು, ಹತ್ತು, ಇಪ್ಪತ್ತು ದಿನ ಅಂತರ ಬರುತ್ತಿದ್ದರೆ ಸಾಲು ಸಿಕ್ಕಿತು ಎಂದುಕೊಳ್ಳಿ. ಅಡಿಪ್ರತಿಯನ್ನೇ ಪೂರ್ತಿ ನಂಬಬೇಡಿ, ಗಿರಾಕಿಯ ಕೈಯಲ್ಲಿರುವ ಮೂಲ ರಸೀದಿಯ ಫೋಟೊ ಮತ್ತು ಅವರ ಪುಸ್ತಕದಲ್ಲಿರುವ ನಿಮ್ಮ ಖಾತೆಯ ಪ್ರತಿಯನ್ನು ತರಿಸಿ. ಇದನ್ನು ಕೇಳಲು ಕ್ಯಾಷಿಯರ್‌ಗೆ ಸಂಬಂಧವಿಲ್ಲದವರು ಹೋಗಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ತಡವಾಗಿ ಜಮಾ ಆದ ರಸೀದಿಗಳನ್ನೆಲ್ಲ ಕೂಡಿದರೆ ₹14,20,000 ಬರುತ್ತದೆ ಎಂದಿಟ್ಟುಕೊಳ್ಳಿ. ಅದು ನಷ್ಟವಲ್ಲ. ಅದೇ ₹50,000ದ ತೂತು ಹತ್ತು ಗಿರಾಕಿಗಳ ಮೇಲೆ ಹಾದುಹೋದಾಗ ಹತ್ತು ಸಲ ಲೆಕ್ಕಕ್ಕೆ ಬಂದಿದೆ. ನಷ್ಟವೆಂದರೆ ಗೊತ್ತಾದ ದಿನದಂದು ಗಿರಾಕಿ ಕೊಟ್ಟಿದ್ದು, ಪುಸ್ತಕಕ್ಕೆ ಇನ್ನೂ ಬಾರದೇ ಇರುವ ಮೊತ್ತ ಮಾತ್ರ. ಇಲ್ಲಿ ಅದು ಐದು ಗಿರಾಕಿಗಳಿಂದ ₹4,60,000. ದೂರಿನಲ್ಲಿ ಹದಿನಾಲ್ಕು ಲಕ್ಷ ಎಂದು ಬರೆದು ಆಮೇಲೆ ನಾಲ್ಕೂವರೆ ಲಕ್ಷಕ್ಕೆ ಇಳಿದರೆ ಎದುರು ಪಕ್ಷದ ವಕೀಲರು ಇಡೀ ಲೆಕ್ಕವನ್ನೇ ಪ್ರಶ್ನಿಸುತ್ತಾರೆ.

ಹಿಂದಿನ ವರ್ಷದ ಪಾಲು ತಿಳಿಯಲು ಇದೇ ಪಟ್ಟಿ ಸಾಕು. ಮಾರ್ಚ್ 31 ಅಥವಾ ಅದಕ್ಕೂ ಮೊದಲಿನ ರಸೀದಿ, ಜಮಾ ಆಗಿದ್ದು ಏಪ್ರಿಲ್ 1ರಂದು ಅಥವಾ ಆಮೇಲೆ, ಇಲ್ಲವೇ ಇನ್ನೂ ಆಗಿಲ್ಲ. ಇಂಥವನ್ನು ಕೂಡಿ. ಇಲ್ಲಿ ₹1,50,000 ಬಂತು. ಅಂದರೆ 2023-24ರ ಬ್ಯಾಲೆನ್ಸ್ ಶೀಟ್‌ನಲ್ಲಿ ಗಿರಾಕಿ ಬಾಕಿ ಅಷ್ಟು ಹೆಚ್ಚಾಗಿ ಕಂಡಿತ್ತು. ಉಳಿದ ₹3,10,000 ಈ ವರ್ಷದ್ದು.

ಒಟ್ಟು ಹೋದ ಹಣ: 4,60,000 + 1,10,000 + 1,70,000 = ₹7,40,000. ಕ್ಯಾಷಿಯರ್‌ನಿಂದ ಕೇಳಬೇಕಾದದ್ದೂ ದೂರಿನಲ್ಲಿ ಬರೆಯಬೇಕಾದದ್ದೂ ಇದೇ ಮೊತ್ತ. ಆದರೆ ಈ ವರ್ಷ ಹೊಸದಾಗಿ ನಷ್ಟವೆಂದು ಬರೆಯುವುದು ಇಷ್ಟಲ್ಲ.

ನಮೂದುಗಳು

ಟ್ಯಾಲಿಯಲ್ಲಿ 'ನಗದು ದುರುಪಯೋಗ, ತನಿಖೆಯಲ್ಲಿ' ಎಂಬ ತಾತ್ಕಾಲಿಕ ಲೆಡ್ಜರ್ ತೆರೆಯಿರಿ. ಮೊದಲ ನಾಲ್ಕು ನಮೂದೂ 11-11-2024ರ ನಂತರದ ತಾರೀಖಿನಲ್ಲಿ, ಪಟ್ಟಿಯ ಕೆಲಸ ಮುಗಿದ ದಿನ. ನಗದು ತಾಗುವ ಎರಡನೆಯದನ್ನು F5 ಪೇಮೆಂಟ್‌ನಲ್ಲಿ, ಉಳಿದವನ್ನು F7 ಜರ್ನಲ್‌ನಲ್ಲಿ ಹಾಕಿ.

ನಮೂದು 1: ತಾತ್ಕಾಲಿಕ ಖಾತೆ ಡೆಬಿಟ್ ₹4,60,000, ಐದು ಗಿರಾಕಿಗಳ ಖಾತೆ ಕ್ರೆಡಿಟ್ ₹4,60,000.

ಪ್ರತಿ ಗಿರಾಕಿಗೂ `Agst Ref` ಆರಿಸಿ ಬಿಲ್ಲಿಗೆ ಜೋಡಿಸಿ, ವಿವರಣೆಯಲ್ಲಿ ರಸೀದಿ ಸಂಖ್ಯೆ ಮತ್ತು ನಿಜವಾದ ತಾರೀಖು ಬರೆಯಿರಿ. ಸಂಸ್ಥೆಯ ಕೌಂಟರಿನಲ್ಲಿ, ಸಂಸ್ಥೆಯೇ ಕೂರಿಸಿದ ಕ್ಯಾಷಿಯರ್‌ಗೆ, ಸಂಸ್ಥೆಯ ಅಚ್ಚಾದ ರಸೀದಿ ಪಡೆದು ಕೊಟ್ಟ ಗಿರಾಕಿಯ ಸಾಲ ತೀರಿತು. ಅವರನ್ನು ಮತ್ತೆ ಕೇಳುವ ಹಕ್ಕು ನಿಮಗಿಲ್ಲ. ಗಿರಾಕಿ ಕ್ಯಾಷಿಯರ್‌ನ ಸ್ವಂತ ಯುಪಿಐಗೆ ಕಳಿಸಿ, ರಸೀದಿಯನ್ನೂ ಪಡೆಯದಿದ್ದರೆ ಮಾತ್ರ ಪ್ರಶ್ನೆ ಏಳುತ್ತದೆ. ಅಂಥ ಮೊತ್ತವನ್ನು ವಕೀಲರನ್ನು ಕೇಳದೆ ಕ್ರೆಡಿಟ್ ಮಾಡಬೇಡಿ.

ನಮೂದು 2: ತಾತ್ಕಾಲಿಕ ಖಾತೆ ಡೆಬಿಟ್ ₹1,10,000, ನಗದು ಕ್ರೆಡಿಟ್ ₹1,10,000.

ಇದರಿಂದ ಪುಸ್ತಕದ ನಗದು ಎಣಿಕೆಗೆ ಸರಿಹೊಂದುತ್ತದೆ.

ನಮೂದು 3: ತಾತ್ಕಾಲಿಕ ಖಾತೆ ಡೆಬಿಟ್ ₹1,00,000, ಹಮಾಲಿ ಮತ್ತು ಸಾಗಣೆ ಖರ್ಚು ಕ್ರೆಡಿಟ್ ₹1,00,000.

ಈ ವರ್ಷದ ಸುಳ್ಳು ವೋಚರ್‌ಗಳು ಮಾತ್ರ ಇಲ್ಲಿ ಬರುತ್ತವೆ. ಖರ್ಚಿನ ಹೆಸರು ಬದಲಾಯಿತೇ ಹೊರತು ಲಾಭದ ಮೇಲೆ ಹೊಸ ಹೊರೆಯಿಲ್ಲ. ಹಿಂದಿನ ವರ್ಷದ ₹70,000 ಆಗಲೇ ಖರ್ಚಾಗಿ ಲಾಭ ಕಡಿಮೆ ಮಾಡಿದೆ. ಅದನ್ನು ಈಗ ಮತ್ತೆ ನಷ್ಟವೆಂದು ಬರೆದರೆ ಒಂದೇ ಹಣ ಎರಡು ವರ್ಷ ಖರ್ಚಾದಂತೆ. ಅದಕ್ಕೆ ನಷ್ಟದ ನಮೂದು ಬೇಡ, ಕ್ಯಾಷಿಯರ್‌ನಿಂದ ಕೇಳಬೇಕಾದ ಹಣದ ಪಟ್ಟಿಯಲ್ಲಿ ಮಾತ್ರ ಇರಲಿ.

ತಾತ್ಕಾಲಿಕ ಖಾತೆಯಲ್ಲಿ ಈಗ ₹6,70,000 ಇದೆ. ಅದನ್ನು ವರ್ಷದ ಕೊನೆಯವರೆಗೆ ಆಸ್ತಿಯಂತೆ ಬಿಡುವುದು ತಪ್ಪು. ಕದ್ದ ಹಣ ಆಸ್ತಿಯಲ್ಲ.

ನಮೂದು 4: ನೌಕರನಿಂದಾದ ಹಣ ದುರುಪಯೋಗ ನಷ್ಟ ಡೆಬಿಟ್ ₹5,20,000, ಹಿಂದಿನ ಅವಧಿಯ ಬಾಬ್ತು ಡೆಬಿಟ್ ₹1,50,000, ತಾತ್ಕಾಲಿಕ ಖಾತೆ ಕ್ರೆಡಿಟ್ ₹6,70,000.

₹5,20,000 ಎಂದರೆ ಈ ವರ್ಷದ ಗಿರಾಕಿ ಹಣ 3,10,000, ಗಲ್ಲಾ ಕೊರತೆ 1,10,000, ಸುಳ್ಳು ವೋಚರ್ 1,00,000. ಹಿಂದಿನ ವರ್ಷದ ₹1,50,000 ಬೇರೆ ಸಾಲಿನಲ್ಲಿ ಬರುವುದು ಲೆಕ್ಕ ಮಾನದಂಡ ಎಎಸ್ 5ರ ಪ್ರಕಾರ. ಸಹಿಯಾದ ಹಳೆಯ ಲೆಕ್ಕ ತೆರೆಯುವುದಿಲ್ಲ, ಈ ವರ್ಷದ ಲಾಭ-ನಷ್ಟ ಖಾತೆಯಲ್ಲೇ ಪ್ರತ್ಯೇಕವಾಗಿ ತೋರಿಸಲಾಗುತ್ತದೆ. ಹಳೆಯ ವರ್ಷದ ಲೆಕ್ಕಕ್ಕೆ ಇನ್ನೂ ಸಹಿ ಬೀಳದಿದ್ದರೆ, ಉದಾಹರಣೆಗೆ ಜುಲೈನಲ್ಲೇ ಗೊತ್ತಾಗಿದ್ದರೆ, ಆ ₹1,50,000 ಹಳೆಯ ವರ್ಷದ ಲೆಕ್ಕದಲ್ಲೇ ಸರಿಯಾಗಬೇಕು. ಇಂಡ್ ಎಎಸ್ ಅನ್ವಯಿಸುವ ದೊಡ್ಡ ಕಂಪನಿಗಳ ನಿಯಮ ಬೇರೆ, ಅಲ್ಲಿ ದೊಡ್ಡ ಮೊತ್ತವಾದರೆ ಹಿಂದಿನ ವರ್ಷದ ಅಂಕಿಗಳನ್ನೇ ತಿದ್ದಿ ತೋರಿಸಬೇಕು.

ವಸೂಲಿ ಬಾಕಿ ಎಂದು ಎಷ್ಟನ್ನು ಬರೆಯಬಹುದು

ನಷ್ಟವನ್ನು ಪೂರ್ತಿ ಬರೆದು, ವಸೂಲಿಯನ್ನು ಅದರ ಎದುರು ಬೇರೆ ಸಾಲಿನಲ್ಲಿ ತೋರಿಸುವುದೇ ಒಳ್ಳೆಯದು. ಎರಡನ್ನೂ ಕಳೆದು ಉಳಿದಿದ್ದನ್ನಷ್ಟೇ ಬರೆದರೆ, ವಸೂಲಿ ಕೈಕೊಟ್ಟಾಗ ಏನಾಯಿತು ಎಂದು ಬ್ಯಾಂಕಿನವರಿಗೂ ಗೊತ್ತಾಗುವುದಿಲ್ಲ, ಉಳಿದ ಪಾಲುದಾರರಿಗೂ ಗೊತ್ತಾಗುವುದಿಲ್ಲ.

'ಕೊಡುತ್ತೇನೆ ಸಾರ್' ಎಂಬ ಮಾತು ವಸೂಲಿ ಬಾಕಿಯಲ್ಲ. ದೂರು ಕೊಟ್ಟಿರುವುದೂ ಅಲ್ಲ. ಎಎಸ್ 29ರ ಪ್ರಕಾರ ಬರುವುದು ಹೆಚ್ಚುಕಡಿಮೆ ಖಚಿತವಾಗುವವರೆಗೆ ಇಂಥ ಹಕ್ಕನ್ನು ಆಸ್ತಿಯಾಗಿ ಬರೆಯುವಂತಿಲ್ಲ. ಮೂರು ವಿಷಯ ನೋಡಿ: ಮೊತ್ತವನ್ನು ಬರಹದಲ್ಲಿ ಒಪ್ಪಿದ್ದಾನೆಯೇ, ಕೊಡುವ ಶಕ್ತಿಯಿರುವವರು ಯಾರಾದರೂ ಹೊಣೆ ಹೊತ್ತಿದ್ದಾರೆಯೇ, ಈಗಾಗಲೇ ಸ್ವಲ್ಪವಾದರೂ ಹಣ ಬಂದಿದೆಯೇ. ಮೂರಕ್ಕೂ ಹೌದು ಎಂದಾದರೆ ಮಾತ್ರ ಬರೆಯಿರಿ, ಅದೂ ಹೊಣೆ ಸಿಕ್ಕಷ್ಟು ಮೊತ್ತಕ್ಕೆ.

ಉದಾಹರಣೆಯಲ್ಲಿ ಕ್ಯಾಷಿಯರ್ ₹7,40,000 ಒಪ್ಪಿ ಇ-ಸ್ಟ್ಯಾಂಪ್ ಕಾಗದದ ಮೇಲೆ ಸಹಿ ಮಾಡಿದ್ದಾನೆ. ₹1,00,000 ಬ್ಯಾಂಕ್ ಮೂಲಕ ಕಟ್ಟಿದ್ದಾನೆ. ಸಂಬಳದ ಕೆಲಸದಲ್ಲಿರುವ ಆತನ ಭಾವ ಜಾಮೀನು ನಿಂತು ತನ್ನ ಖಾತೆಯಿಂದ ₹20,000ದ ಹನ್ನೆರಡು ಚೆಕ್ ಕೊಟ್ಟಿದ್ದಾನೆ, 2024ರ ಡಿಸೆಂಬರ್ 5ರಿಂದ ಪ್ರತಿ ತಿಂಗಳು ಒಂದರಂತೆ. ಉಳಿದ ₹4,00,000ಕ್ಕೆ ಮಾತು ಬಿಟ್ಟರೆ ಬೇರೇನೂ ಇಲ್ಲ.

ನಮೂದು 5: ಬ್ಯಾಂಕ್ ಡೆಬಿಟ್ ₹1,00,000; ಮಾಜಿ ಕ್ಯಾಷಿಯರ್, ವಸೂಲಿ ಬಾಕಿ ಡೆಬಿಟ್ ₹2,40,000; ದುರುಪಯೋಗ ನಷ್ಟದ ವಸೂಲಿ ಕ್ರೆಡಿಟ್ ₹3,40,000.

ಬ್ಯಾಂಕಿಗೆ ಬಂದ ₹1,00,000ವನ್ನು ಟ್ಯಾಲಿಯಲ್ಲಿ F6 ರಿಸೀಟ್ ಆಗಿ, ಉಳಿದ ₹2,40,000ವನ್ನು F7 ಜರ್ನಲ್ ಆಗಿ ಬೇರೆ ಬೇರೆ ಹಾಕಿ, ಫಲ ಒಂದೇ. ಈ ವಸೂಲಿ ಬಾಕಿ ಲೆಡ್ಜರ್ ಅನ್ನು ವ್ಯಾಪಾರದ ಗಿರಾಕಿಗಳ ಗುಂಪಿನಲ್ಲಿ ಇಡಬೇಡಿ, ಇತರ ಸಾಲ ಮತ್ತು ಮುಂಗಡಗಳ ಕಡೆ ಇಡಿ. ಬ್ಯಾಂಕಿಗೆ ಕೊಡುವ ಸ್ಟಾಕ್-ಬಾಕಿ ಪಟ್ಟಿಯಲ್ಲಿ ಇದು ಸೇರಿಹೋದರೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ.

ವಸೂಲಿ ಹಣವನ್ನು ನಗದಾಗಿ ಪಡೆಯದಿರುವುದೇ ಮೇಲು. ಒಂದೇ ಸಂದರ್ಭಕ್ಕೆ ಸಂಬಂಧಿಸಿದಂತೆ ₹2 ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ತಡೆಯುತ್ತದೆ, ಕಂತಿನಲ್ಲಿ ಪಡೆದರೂ ಕೂಡಿಸಿ ನೋಡುವ ಅಪಾಯವಿದೆ. ಒಪ್ಪಂದದಲ್ಲಿ 'ಹಣ ಕೊಟ್ಟರೆ ಪೊಲೀಸ್ ದೂರು ಕೊಡುವುದಿಲ್ಲ' ಎಂದು ಬರೆಸಬೇಡಿ. ಮೊಕದ್ದಮೆ ಮುಚ್ಚಿಹಾಕಲು ಮಾಡಿದ ಕರಾರು ಕರಾರು ಕಾಯ್ದೆಯ 23ನೇ ಕಲಮಿನಡಿ ಅಸಿಂಧು, ಜಾಮೀನಿನ ಕಾಗದವೂ ಅದರ ಜೊತೆ ಮುಳುಗಬಹುದು.

ಬಾಕಿ ಸಂಬಳದಲ್ಲಿ ಹಿಡಿದುಕೊಳ್ಳುವುದಕ್ಕೂ ಮಿತಿಯಿದೆ. ಲೆಕ್ಕ ಕೊಡಬೇಕಾದ ಹಣ ಕಳೆದದ್ದಕ್ಕೆ ಕಡಿತ ಮಾಡಬಹುದು. ಆದರೆ ಮೊದಲು ನೌಕರನಿಗೆ ಉತ್ತರ ಹೇಳಲು ಅವಕಾಶ ಕೊಡಬೇಕು, ಒಟ್ಟು ಕಡಿತ ಆ ಅವಧಿಯ ವೇತನದ ಅರ್ಧ ದಾಟಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಿತಿ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಪಿಎಫ್ ಹಣಕ್ಕೆ ಕೈಹಾಕುವಂತೆಯೇ ಇಲ್ಲ, ಹಾಗಾಗಿ 'ಪಿಎಫ್‌ನಿಂದ ಬರುತ್ತದೆ' ಎಂದು ಅಂದಾಜಿಸಿ ಬಾಕಿ ಬರೆಯಬೇಡಿ.

ನೌಕರರ ವಂಚನೆಯಿಂದಾದ ನಷ್ಟ ತುಂಬುವ ಫಿಡೆಲಿಟಿ ಗ್ಯಾರಂಟಿ ವಿಮೆ ಇದ್ದರೆ ಗೊತ್ತಾದ ಕೂಡಲೇ ಲಿಖಿತ ಸೂಚನೆ ಕಳಿಸಿ. ಪಾಲಿಸಿಯಲ್ಲಿ 'ಪತ್ತೆಯ ಅವಧಿ' ಎಂಬ ಷರತ್ತು ಇರುತ್ತದೆ, ತಿಂಗಳುಗಳ ನಂತರ ಸಿಕ್ಕ ಪ್ರಕರಣದಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ಸಾಲು ಅದೇ. ಕ್ಯಾಷಿಯರ್ ಜೊತೆ ರಾಜಿಗೆ ಮೊದಲು ವಿಮಾ ಕಂಪನಿಗೆ ತಿಳಿಸಿ, ಇಲ್ಲದಿದ್ದರೆ ಅವರ ವಸೂಲಿ ಹಕ್ಕಿಗೆ ಧಕ್ಕೆಯಾಯಿತೆಂದು ಕ್ಲೇಮ್ ತಿರಸ್ಕರಿಸಬಹುದು. ಕ್ಲೇಮ್ ಒಪ್ಪಿದ ಪತ್ರ ಕೈಸೇರುವವರೆಗೆ ವಿಮೆಯ ಹಣ ಪುಸ್ತಕಕ್ಕೆ ಬರಬಾರದು.

ಪೊಲೀಸ್ ದೂರು

ದೂರನ್ನು ಕಚೇರಿಯಿರುವ ಪ್ರದೇಶದ ಠಾಣೆಗೆ ಕೊಡಿ. ಮೇಲೆ ಹೇಳಿದ ಪಟ್ಟಿ, ನಗದು ಎಣಿಕೆ ಪತ್ರ, ರಸೀದಿಗಳ ಪ್ರತಿ, ಗಿರಾಕಿಗಳ ದೃಢೀಕರಣ, ನೇಮಕಾತಿ ಪತ್ರ ಲಗತ್ತಿಸಿ. ನಗದು ಆತನ ವಶಕ್ಕೆ ಒಪ್ಪಿಸಲ್ಪಟ್ಟಿತ್ತು ಎಂಬುದಕ್ಕೆ ನೇಮಕಾತಿ ಪತ್ರದಲ್ಲಿ ಕೆಲಸದ ವಿವರ ಇರುವುದು ಬಹಳ ಮುಖ್ಯ. 2024ರ ಜುಲೈ 1 ಮತ್ತು ನಂತರದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ 316(4), ಅಂದರೆ ನೌಕರನಿಂದ ನಂಬಿಕೆ ದ್ರೋಹ, ಮತ್ತು ಸುಳ್ಳು ಲೆಕ್ಕಕ್ಕೆ 344. ಅದಕ್ಕೂ ಹಿಂದಿನವಕ್ಕೆ ಐಪಿಸಿಯ 408 ಮತ್ತು 477ಎ. ನಮ್ಮ ಪ್ರಕರಣ ಎರಡೂ ಕಡೆ ಹರಡಿದೆ, ಹಾಗಾಗಿ ಪಟ್ಟಿಯನ್ನು ಜುಲೈ 1ಕ್ಕೆ ಒಂದು ಗೆರೆ ಎಳೆದು ಎರಡು ಭಾಗ ಮಾಡಿ ಕೊಡಿ. ಹಣದ ದಾವೆಗೆ ಮೂರು ವರ್ಷದ ಕಾಲಮಿತಿ. ವಂಚನೆಯಾದ್ದರಿಂದ ಅದು ಗೊತ್ತಾದ ದಿನದಿಂದ ಎಣಿಕೆಯಾಗುತ್ತದೆ.

ಕಂಪನಿಯಾಗಿದ್ದರೆ ಆಡಿಟರ್‌ಗೆ ಕಂಪನಿ ಕಾಯ್ದೆಯ 143(12)ರ ಹೊಣೆಯಿದೆ. ಮೊತ್ತ ₹1 ಕೋಟಿಗಿಂತ ಕಡಿಮೆಯಾದರೂ ಆಡಳಿತ ಮಂಡಳಿಗೆ ಅಥವಾ ಆಡಿಟ್ ಸಮಿತಿಗೆ ವರದಿ ಹೋಗಬೇಕು. ಆಡಿಟರ್‌ನಿಂದ ಮುಚ್ಚಿಡುವ ಯೋಚನೆ ಬೇಡ.

ತೆರಿಗೆ

ನೌಕರನ ದುರುಪಯೋಗದಿಂದಾದ ನಷ್ಟ ವ್ಯಾಪಾರಕ್ಕೆ ಅಂಟಿಕೊಂಡ ನಷ್ಟ. ಬದ್ರಿದಾಸ್ ದಾಗಾ ಪ್ರಕರಣದಲ್ಲಿ 1958ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಪತ್ತೆಯಾದ ವರ್ಷದಲ್ಲಿ ಕಡಿತ ಕೊಡಬೇಕೆಂದು ನೇರ ತೆರಿಗೆ ಮಂಡಳಿಯ 1965ರ ನವೆಂಬರ್ 24ರ ಸುತ್ತೋಲೆ ಹೇಳುತ್ತದೆ. ಆದರೆ ಹಣ ವಾಪಸ್ ಬರುವ ನ್ಯಾಯವಾದ ಭರವಸೆ ಇರುವವರೆಗೆ ನಷ್ಟ ಆಗಿಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪೂ ಇದೆ. ಆದ್ದರಿಂದ ಪುಸ್ತಕದಲ್ಲಿ ವಸೂಲಿ ಬಾಕಿ ಎಂದು ಆಸ್ತಿ ತೋರಿಸಿ, ತೆರಿಗೆಯಲ್ಲಿ ಪೂರ್ತಿ ಮೊತ್ತ ನಷ್ಟವೆಂದು ಕೇಳಿದರೆ ತಕರಾರು ಬರುತ್ತದೆ. ಬಾಕಿ ಕಳೆದು ಉಳಿದದ್ದನ್ನು ಈಗ ಕೇಳಿ, ಬಾಕಿಯಲ್ಲಿ ಮುಳುಗಿದ ಭಾಗವನ್ನು ಆಸೆ ಹೋದ ವರ್ಷ ಕೇಳುವುದು ಸುರಕ್ಷಿತ. ನಷ್ಟವೆಂದು ಕಡಿತ ಪಡೆದ ಹಣ ಮುಂದೆ ಬಂದರೆ ಬಂದ ವರ್ಷದ ಆದಾಯ. ಹಿಂದಿನ ವರ್ಷ ಹಮಾಲಿಯೆಂದು ಕಡಿತ ಪಡೆದ ₹70,000ದ ವಿಷಯವನ್ನು ಸಿ.ಎ. ಮುಂದಿಟ್ಟು, ಆ ವರ್ಷದ ರಿಟರ್ನ್ ತಿದ್ದಬೇಕೇ ಎಂದು 2024ರ ಡಿಸೆಂಬರ್ 31ರೊಳಗೆ ತೀರ್ಮಾನಿಸಬೇಕು. 2023-24ರ ತಿದ್ದಿದ ರಿಟರ್ನ್‌ಗೆ ಅದೇ ಕೊನೆಯ ದಿನವಾಗಿತ್ತು.

ಜಿಎಸ್‌ಟಿಯಲ್ಲಿ ಇಲ್ಲಿ ಬದಲಾವಣೆಯಿಲ್ಲ. ಕಳುವಾದ ಸರಕಿಗೆ ಇನ್‌ಪುಟ್ ತೆರಿಗೆ ವಾಪಸ್ ಕೊಡಬೇಕೆಂಬ 17(5)(ಎಚ್) ನಿಯಮ ನಗದಿಗೆ ತಾಗುವುದಿಲ್ಲ. ಆದರೆ ಕ್ಯಾಷಿಯರ್ ಮಾರಾಟದ ಬಿಲ್ಲನ್ನೇ ರದ್ದು ಮಾಡಿ ಹಣ ಇಟ್ಟುಕೊಂಡಿದ್ದರೆ ಕಥೆ ಬೇರೆ. ಮಾಲು ಹೋಗಿದೆ, ಮಾರಾಟ ಆಗಿದೆ, ಹಣ ನಿಮಗೆ ಬಾರದಿದ್ದರೂ ತೆರಿಗೆ ನಿಮ್ಮ ಮೇಲೆ, ಜೊತೆಗೆ ವರ್ಷಕ್ಕೆ ಶೇ. 18ರ ಬಡ್ಡಿ.

ಮಾರ್ಚ್ 31ರಂದು ಮತ್ತು ಆಮೇಲೆ

ಮಾರ್ಚ್‌ವರೆಗೆ ನಾಲ್ಕು ಚೆಕ್ ಪಾಸಾಗಿ ₹80,000 ಬಂತು. ವಸೂಲಿ ಬಾಕಿಯಲ್ಲಿ ₹1,60,000 ಉಳಿಯಿತು. 2025ರ ಏಪ್ರಿಲ್ 5ರ ಚೆಕ್ ಬೌನ್ಸ್ ಆಯಿತು ಎಂದುಕೊಳ್ಳಿ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ನೋಟಿಸ್ ತಲುಪಿ 15 ದಿನದಲ್ಲಿ ಹಣ ಬರದಿದ್ದರೆ ನಂತರದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದೂರು ಹಾಕಬೇಕು. ಒಂದು ದಿನ ತಪ್ಪಿದರೂ ಆ ಚೆಕ್ಕಿನ ಮೇಲಿನ ದೂರು ತೊಡಕಿಗೆ ಸಿಲುಕುತ್ತದೆ.

ಚೆಕ್ ಬೌನ್ಸ್ ಆಗಿದ್ದು ಹೊಸ ವರ್ಷದಲ್ಲಾದರೂ 2024-25ರ ಲೆಕ್ಕಕ್ಕೆ ಸಹಿ ಹಾಕುವ ಮೊದಲು ಅದು ನಿಮಗೆ ಗೊತ್ತಾಗಿದೆ. ಬಾಕಿ ಬರುವುದು ಅನುಮಾನ ಎಂಬುದಕ್ಕೆ ಅದೇ ಸಾಕ್ಷಿ. ಸೆಪ್ಟೆಂಬರ್‌ವರೆಗೂ ಜಾಮೀನುದಾರನಿಂದ ಬೇರೆ ಹಣ ಬಾರದಿದ್ದರೆ ಅರ್ಧಂಬರ್ಧ ಅಂದಾಜು ಮಾಡದೆ ಪೂರ್ತಿ ಮೀಸಲು ಇಡುವುದೇ ಸರಿ.

ನಮೂದು 6 (31-3-2025): ಅನುಮಾನಾಸ್ಪದ ಬಾಕಿಗೆ ಮೀಸಲು ಖರ್ಚು ಡೆಬಿಟ್ ₹1,60,000; ಅನುಮಾನಾಸ್ಪದ ಬಾಕಿ ಮೀಸಲು ಕ್ರೆಡಿಟ್ ₹1,60,000.

ಆ ವರ್ಷದ ಲಾಭದ ಮೇಲೆ ಬಿದ್ದ ಹೊರೆ 6,70,000 − 3,40,000 + 1,60,000 = ₹4,90,000. ತಾಳೆ ನೋಡಿ: ಲೆಕ್ಕಕ್ಕೆ ಬಂದ ₹6,70,000ದಲ್ಲಿ ಕೈಗೆ ಬಂದ ನಿಜವಾದ ಹಣ ₹1,80,000 ಕಳೆದರೂ ಅಷ್ಟೇ. ಹೀಗೆ ಸರಿಹೊಂದದಿದ್ದರೆ ಯಾವುದೋ ನಮೂದು ಎರಡು ಸಲ ಬಿದ್ದಿದೆ, ಸಾಮಾನ್ಯವಾಗಿ ಹಿಂದಿನ ವರ್ಷದ ಸುಳ್ಳು ವೋಚರ್. ವಸೂಲಿ ಬಾಕಿ ಲೆಡ್ಜರ್ ಅನ್ನು ಅಳಿಸಬೇಡಿ, ಮೀಸಲು ಅದರ ಎದುರು ನಿಲ್ಲುತ್ತದೆ, ಹಕ್ಕು ಹಾಗೇ ಉಳಿಯುತ್ತದೆ.

ಲೆಕ್ಕಪತ್ರದ ಟಿಪ್ಪಣಿಯಲ್ಲಿ ಹೀಗೆ ಬರೆದರೆ ಸಾಕು: "ಡಿಸೆಂಬರ್ 2023ರಿಂದ ಅಕ್ಟೋಬರ್ 2024ರ ನಡುವೆ ಸಂಸ್ಥೆಯ ಕ್ಯಾಷಿಯರ್ ₹7,40,000 ದುರುಪಯೋಗ ಮಾಡಿರುವುದು 11-11-2024ರಂದು ಪತ್ತೆಯಾಗಿದೆ. ಇದರಲ್ಲಿ ₹70,000 ಹಿಂದಿನ ವರ್ಷದ ಖರ್ಚಿನಲ್ಲಿ ಸೇರಿತ್ತು. ₹6,70,000ವನ್ನು ಈ ವರ್ಷ ನಷ್ಟವೆಂದು ಬರೆಯಲಾಗಿದ್ದು, ಇದರಲ್ಲಿ ₹1,50,000 ಹಿಂದಿನ ಅವಧಿಗೆ ಸೇರಿದೆ. ಈವರೆಗೆ ₹1,80,000 ವಸೂಲಾಗಿದೆ. ಜಾಮೀನಿನ ಮೇಲೆ ಬರಬೇಕಾದ ₹1,60,000ಕ್ಕೆ ಪೂರ್ತಿ ಮೀಸಲು ಇಡಲಾಗಿದೆ. ಉಳಿದ ₹4,00,000ದ ಹಕ್ಕನ್ನು ಆಸ್ತಿಯಾಗಿ ಗುರುತಿಸಿಲ್ಲ. ಪೊಲೀಸ್ ತನಿಖೆ ನಡೆಯುತ್ತಿದೆ."

ತನಿಖೆಯಲ್ಲಿ ಪೊಲೀಸರು ಮೂಲ ರಸೀದಿ ಪುಸ್ತಕಗಳನ್ನು ಮಹಜರ್ ಮಾಡಿ ಒಯ್ಯಬಹುದು. ಅದಕ್ಕೂ ಮೊದಲು ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಸಿ, ಮಹಜರ್ ಪ್ರತಿಯನ್ನು ಕೇಳಿ ಪಡೆದು ಆ ವರ್ಷದ ಆಡಿಟ್ ಕಡತದಲ್ಲಿ ಸೇರಿಸಿ. ಮುಂದಿನ ವರ್ಷ ಆಡಿಟರ್ ಮೂಲ ದಾಖಲೆ ಕೇಳಿದಾಗ ತೋರಿಸಲು ನಿಮ್ಮ ಹತ್ತಿರ ಅದೇ ಇರುತ್ತದೆ.